ರಾತ್ರಿ ಗದ್ಲಕ್ಕ ನಿದ್ದಿ ಬರ್ಲಿಲ್ಲ ಅಂತ ಗೆಸ್ಟ್ ರಿವ್ಯೂ ಹಾಕ್ಯಾರ, ಉತ್ತರ ಹೆಂಗ ಬರಿಯೂದು

ಮೇ ತಿಂಗಳು, ಮುಂಜಾನಿ ಚಾ ಕುಡ್ಕೋತ ಮೊಬೈಲ್ ತೆಗದ್ರ ಗೂಗಲ್ ನೋಟಿಫಿಕೇಶನ್ ಬಂದದ. ನಮ್ಮ ಲಾಡ್ಜಿಗಿ ಎರಡ ಸ್ಟಾರ್. ಕೆಳಗ ಬರದಿದ್ದು ಹಿಂಗಿತ್ತು:

"ರೂಮ್ ಕ್ಲೀನ್ ಇತ್ತು. ಆದರೆ ರಾತ್ರಿ 1 ಗಂಟೆವರೆಗೂ ಡಿಜೆ ಸೌಂಡ್, ಅದು ನಿಂತ ಮೇಲೆ ಜನರೇಟರ್. ರಿಸೆಪ್ಷನ್‌ಗೆ ಎರಡು ಸಲ ಹೇಳಿದರೂ ಯಾರೂ ಕೇರ್ ಮಾಡಲಿಲ್ಲ. ಮರುದಿನ ಮಗಳ ಪರೀಕ್ಷೆ ಇತ್ತು, ಅವಳು ಮಲಗಲೇ ಇಲ್ಲ. ದುಡ್ಡು ವೇಸ್ಟ್."

ನಮ್ದು ಕಲಬುರಗಿದಾಗ 22 ರೂಮಿನ ಸಣ್ಣ ಲಾಡ್ಜ್, ಅರ್ಧ ರೂಮ್ ರೋಡಿಗಿ ಮುಖ ಮಾಡ್ಯಾವ, ಅರ್ಧ ಹಿಂದಿನ ಗಲ್ಲಿ ಕಡಿ. ಓದಿದ್ ಕೂಡ್ಲೆ ತಲಿ ಬಿಸಿ ಆಯ್ತು. ಅಲ್ಲಿಂದ್ ಅಲ್ಲೇ ಟೈಪ್ ಮಾಡ್ದೆ, "ಡಿಜೆ ನಮ್ಮದಲ್ಲ, ಬಾಜೂ ಫಂಕ್ಷನ್ ಹಾಲ್‌ದು. 1 ಗಂಟೆತನಕ ಇರಲೇ ಇಲ್ಲ, 11.30ಕ್ಕೇ ಬಂದ್ ಆಗಿದೆ, ಸುಳ್ಳು ಬರೆಯಬೇಡಿ" ಅಂತ. ತಮ್ಮ ಬಾಜೂಕ ಕುಂತಿದ್ದ, ಓದಿ ಅಂದ, "ಅಣ್ಣಾ, ಇದನ್ನ ನೋಡಿದ್ರ ನಾನ ನಿನ್ನ ಲಾಡ್ಜಿಗಿ ಬರಂಗಿಲ್ಲ ನೋಡು." ಖರೇ ಅದು. ನಾ ಬರದಿದ್ರಾಗ ಒಂದು ಮಾತೂ ಸುಳ್ಳ ಇರ್ಲಿಲ್ಲ, ಆದ್ರ ಓದಿದವರಿಗ ತಿಳಿಯೂದು ಒಂದ, ಈ ಮನಷ್ಯಾ ಗೆಸ್ಟ್ ಕೂಡ ಜಗಳಾ ಆಡ್ತಾನ ಅಂತ. ಅದನ್ನ ಅಳಸಿ ಎರಡ ದಿನ ಬಿಟ್ಟು ಬ್ಯಾರೆ ಉತ್ತರ ಬರದೆ, ಆ ಎರಡ ದಿನದಾಗ ಏನೇನ್ ಮಾಡ್ದೆ ಅನ್ನೂದನ್ನ ಬಿಡಿಸಿ ಹೇಳ್ತೀನಿ.

ಮದಲ ಆ ರಾತ್ರಿ ಲೆಕ್ಕ ತಗೀರಿ

ಉತ್ತರ ಬರಿಯೂಕಿಂತ ಮುಂಚೆ ಆ ರಾತ್ರಿ ಖರೇನೆ ಏನಾಯ್ತು ಅಂತ ನಿಮಗ ಗೊತ್ತಿರ್ಬೇಕು. ಇದನ್ನ ಭಾಳ ಮಂದಿ ಬಿಟ್ಟ ಬಿಡ್ತಾರ. ನಾ ನೋಡಿದ್ದು ನಾಕ ಕಡಿ: ಗೆಸ್ಟ್ ರಜಿಸ್ಟರ್ (ಯಾವ ರೂಮ್, ಯಾವ ಸೈಡ್), ಡೆಸ್ಕ್ ಫೋನಿನ ಕಾಲ್ ಲಿಸ್ಟ್, ಸಿಸಿಟಿವಿ, ಜನರೇಟರಿಗಿ ಡೀಸೆಲ್ ಹಾಕೋ ಬುಕ್. ಸಿಸಿಟಿವಿ ಲಗೂನ ನೋಡ್ರಿ, ಹಾರ್ಡ್ ಡಿಸ್ಕ್ ತುಂಬಿದ್ ಮ್ಯಾಲ ಹಳೇದು ತಾನ ಅಳಸಿ ಹೋಗ್ತದ.

ನೈಟ್ ಡ್ಯೂಟಿ ಹುಡ್ಗನ್ನ ಕೇಳೂದು ಎಲ್ಲಕ್ಕಿಂತ ನಾಜೂಕ ಕೆಲಸ. "ಏನ್ ಮಾಡ್ಲಾಕತ್ತಿದ್ದಿ ರಾತ್ರಿ?" ಅಂತ ಜೋರ್ ಮಾಡಿದ್ರ "ಫೋನ್ ಬಂದೇ ಇಲ್ರಿ ಕಾಕಾ" ಅಂತಾನ, ಅದನ್ನ ನಂಬಿ ನೀವು ರಿವ್ಯೂದಾಗ "ನಮಗೆ ಯಾವ ಕರೆಯೂ ಬಂದಿಲ್ಲ" ಅಂತ ಬರೀತೀರಿ, ಗೆಸ್ಟ್ ತನ್ನ ಕಾಲ್ ಲಾಗಿನ ಸ್ಕ್ರೀನ್‌ಶಾಟ್ ಹಾಕ್ತಾರ, ಆಮ್ಯಾಲ ನೀವು ಬರದ ಖರೇ ಮಾತಿಗೂ ಬೆಲಿ ಇರಂಗಿಲ್ಲ. ನಾ ಹುಡ್ಗನ್ನ ಕೂಡಿಸಿ ಚಾ ಕೊಟ್ಟು, "ನಿನ್ ಮ್ಯಾಲ ಏನಿಲ್ಲ, ಹೆಂಗಾಯ್ತು ಅಷ್ಟ ಹೇಳು" ಅಂದೆ. ಹೇಳ್ದ.

ಸಿಕ್ಕಿದ್ದು ಹಿಂಗ. ಬಾರಾತ್ ನಮ್ಮ ರೋಡಿಗಿ ಬಂದಿದ್ದು 10.40ಕ್ಕ, ಹಾಲಿನ ಒಳಗ ಹೋಗಿದ್ದು 11.30ಕ್ಕ. 12.15ಕ್ಕ ಕರೆಂಟ್ ಹೋಗ್ಯದ, ಜನರೇಟರ್ 50 ನಿಮಿಷ ನಡದದ. ಡೆಸ್ಕಿಗಿ ಆ ರೂಮಿಂದ ಫೋನ್ ಒಂದ ಸಲ ಬಂದದ, 11.10ಕ್ಕ. ಎರಡನೇ ಸಲ ಗೆಸ್ಟ್ ತಾವ ಕೆಳಗ ಇಳದ ಬಂದಾರ, ಅದು ಕ್ಯಾಮೆರಾದಾಗ ಅದ. ಎರಡೂ ಸಲ ಹುಡ್ಗ ಹೇಳಿದ್ದು ಒಂದ ಮಾತು, "ಈಗ ಮುಗೀತದ್ರಿ."

ಅಂದ್ರ ಗೆಸ್ಟ್ ಹೇಳಿದ್ರಾಗ ಟೈಮ್ ಮಾತ್ರ ಸ್ವಲ್ಪ ತಪ್ಪು. ನಿದ್ದಿ ಇಲ್ಲದವರಿಗ 11.30 ಆದ್ರೇನು 1 ಆದ್ರೇನು, ಡಿಜೆಗೂ ಜನರೇಟರಿಗೂ ನಡುವ ಮುಕ್ಕಾಲ ತಾಸು ಶಾಂತ ಇತ್ತು ಅನ್ನೂದು ಅವರಿಗ ನೆನಪ ಇರಂಗಿಲ್ಲ. ಇದನ್ನ ಸರಿ ಮಾಡಾಕ ಹೋಗ್ಬ್ಯಾಡ್ರಿ. ನೀವು ಗೆದ್ರೂ ಓದವರಿಗ ಸಿಗೂದು ಇಷ್ಟ, "ಹೌದು, 11.30ತನಕ ಡಿಜೆ ಇತ್ತು."

ಸಪ್ಪಳ ಎಲ್ಲಿಂದ ಬಂತು ಅನ್ನೂದು ಬಿಡಿಸ್ರಿ

ರಾತ್ರಿ ಗದ್ಲ ಅಂತ ಒಂದ ಮಾತಿನ್ಯಾಗ ಬರದಿರ್ತಾರ, ಆದ್ರ ಒಳಗ ಮೂರ ಬ್ಯಾರೆ ಬ್ಯಾರೆ ಮಾತು ಇರ್ತಾವ. ಹೊರಗಿನ ಸಪ್ಪಳ, ನಮ್ಮ ಮಶೀನು ಇಲ್ಲಾ ನಮ್ಮ ಮಂದಿ ಮಾಡಿದ ಸಪ್ಪಳ, ಮತ್ತ ಹೇಳಿದ ಮ್ಯಾಲ ನಾವು ಏನ್ ಮಾಡಿದ್ವಿ ಅನ್ನೂದು. ಗೆಸ್ಟಿಗಿ ಸಿಟ್ಟು ಬರೂದು ಹೆಚ್ಚಾಗಿ ಮೂರನೇದ್ದಕ್ಕ. ನಮ್ಮ ರಿವ್ಯೂದಾಗೂ ನೋಡ್ರಿ, ಡಿಜೆ ಅಂತ ಬರೀವಾಗ ಸುಮ್ಮ ವರದಿ ಅದ, "ಯಾರೂ ಕೇರ್ ಮಾಡಲಿಲ್ಲ" ಅನ್ನೂವಾಗ ಉರಿ ಕಾಣ್ತದ.

ಹೊರಗಿನ ಸಪ್ಪಳ ಅಂದ್ರ ನಮ್ ಕೈದಾಗ ಇಲ್ಲ ಅಂತ ಬಿಟ್ಟಬಿಡ್ತೀವಿ, ಆದ್ರ ನಮ್ಮ ಕಡಿ ಇದರಾಗ ಒಂದು ಮಾತು ಅದ. ಏಪ್ರಿಲ್ ಮೇದಾಗ ಲಗ್ನ ಸೀಸನ್ ಇರ್ತದ, ಅದೇ ಟೈಮಿಗಿ ಬಿಸಿಲು 40 ದಾಟಿರ್ತದ. ನಾನ್ ಎಸಿ ರೂಮಿಗಿ ಕೂಲರ್ ಕೂಡಿಸಿರ್ತೀವಿ ಕಿಟಕಿದಾಗ. ಕೂಲರ್ ಕುಂತ ಕಿಟಕಿ ಮುಚ್ಚಂಗಿಲ್ಲ, ಹೊರಗಿನ ಗಾಳಿ ಬಂದಲ್ಲೇ ಹೊರಗಿನ ಡಿಜೆನೂ ಬರ್ತದ, ಗಾಳಿ ಕೂಡ ಬೇಸ್‌ನ ಧಡಧಡ ಒಳಗ. ಬಾಜೂ ಎಸಿ ರೂಮಿನವ ಕಿಟಕಿ ಬಂದ್ ಮಾಡಿ ಆರಾಮ ಮಲ್ಗಿರ್ತಾನ, ಅವ ಫೈವ್ ಸ್ಟಾರ್ ಕೊಡ್ತಾನ. ಈ ಗೆಸ್ಟ್ ಇದ್ದಿದ್ದು ರೋಡ್ ಸೈಡ್ ಕೂಲರ್ ರೂಮ್. ಇದು ತಿಳಿದ್ ಮ್ಯಾಲ ನನ್ನ ಉತ್ತರದಾಗ ಬರಿಯಾಕ ಒಂದು ಕೆಲಸದ ಮಾತು ಸಿಕ್ತು, ಹಿಂದಿನ ಸೈಡ್ ರೂಮ್.

ಜನರೇಟರ್ ನಮ್ದ. "ಸೈಲೆಂಟ್ ಜನರೇಟರ್" ಅಂತ ಉತ್ತರದಾಗ ಬರಿಯೂ ಆಸೆ ಆಗ್ತದ, ಬರೀಬ್ಯಾಡ್ರಿ. ಡಬ್ಬಿ ಹಾಕಿದ ಜನರೇಟರಿಗೂ ಸರ್ಕಾರದ ಮಿತಿ ಒಂದು ಮೀಟರ್ ದೂರದಾಗ 75 ಡೆಸಿಬಲ್. ಹೆಸರ ಸೈಲೆಂಟ್, ಸಪ್ಪಳ ಏನ್ ಕಮ್ಮಿ ಇರಂಗಿಲ್ಲ.

ಒಪ್ಪೂದು ಬ್ಯಾರೆ, ತಪ್ಪ ಒಪ್ಕೊಳ್ಳೂದು ಬ್ಯಾರೆ

ಗೆಸ್ಟಿಗಿ ನಿದ್ದಿ ಆಗ್ಲಿಲ್ಲ, ಇದು ನಡದ ಮಾತು, ಒಪ್ಪಿದ್ರ ನಿಮ್ದೇನೂ ಹೋಗಂಗಿಲ್ಲ. "ನಮ್ಮ ಅಲಕ್ಷ್ಯದಿಂದ ನಿಮಗೆ ತೊಂದರೆಯಾಯಿತು", ಇದು ತಪ್ಪೊಪ್ಪಿಗಿ. ಗ್ರಾಹಕ ಆಯೋಗಕ್ಕ ಯಾರರೆ ಹೋದ್ರ ಅಲ್ಲಿ ಕೇಳೂದು "ಸೇವಾ ನ್ಯೂನತೆ" ಇತ್ತೋ ಇಲ್ಲೋ ಅಂತ, ನೀವು ಪಬ್ಲಿಕ್ ಆಗಿ ಬರದ ಮಾತನ್ನ ಪ್ರಿಂಟ್ ತಗದು ಮುಂದ ಇಡಾಕ ಬರ್ತದ. 1,200 ರೂಪಾಯಿ ರೂಮಿಗಿ ಯಾರ ಹೋಗ್ತಾರ ಅನ್ಬಹುದು, ಆದ್ರ ಬರಿಯೂ ಮಾತು ಹೆಂಗೂ ನಮ್ ಕೈದಾಗ ಇರ್ತದಲ್ಲ.

ಕನ್ನಡ ಇಲ್ಲಿ ನಮಗ ಭಾಳ ಸಹಾಯ ಮಾಡ್ತದ. "ನಾವು ಗದ್ದಲ ಮಾಡಿದೆವು", "ಗದ್ದಲ ಆಯಿತು", "ಗದ್ದಲ ಕೇಳಿಸಿದೆ", ಈ ಮೂರೂ ಓದಿ ನೋಡ್ರಿ. ಮದಲಿನದ್ರಾಗ ಮಾಡಿದವ ನಿಂತಾನ, ಉಳಿದ ಎರಡ್ರಾಗ ಇಲ್ಲ, ಆದ್ರೂ ಯಾವ್ದೂ ಸುಳ್ಳಲ್ಲ. ಸಪ್ಪಳದ ಮಾತಿಗಿ "ಆಯಿತು", "ಕೇಳಿಸಿದೆ", "ನಿದ್ದೆ ಕೆಟ್ಟಿದೆ" ಇಂಥಾ ಮಾತ ಹಾಕ್ರಿ. ಆದ್ರ ಇದೇ ಉಪಾಯ ನಮ್ಮ ಹುಡ್ಗ ಮಾಡಿದ ಕೆಲಸಕ್ಕೂ ಹಚ್ಚಿದ್ರ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ತಹಶೀಲ್ದಾರ್ ಆಫೀಸಿನ ನೋಟಿಸ್ ಆಗ್ತದ. ನಾವು ಮಾಡಿದ್ದಕ್ಕ "ಮಾಡಿದ್ದೇವೆ" ಅಂತ ನೆಟ್ಟಗ ಬರೀಬೇಕು.

ಇನ್ನೊಂದು, "ರೆ" ಅಕ್ಷರ. "ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ." ಬರಿಯವರಿಗ ಇದು ಮರ್ಯಾದಿ ಮಾತು ಅನಸ್ತದ, ಓದವರಿಗ ಚುಚ್ಚತದ, ಯಾಕಂದ್ರ ಆಗ್ಯದೋ ಇಲ್ಲೋ ಅಂತ ಡೌಟ್ ಇಟ್ಟಂಗ ಆಯ್ತಲ್ಲ. ಅವರು ಆಗ್ಯದ ಅಂತ ಬರದಾರ. "ಆಗಿದ್ದರೆ" ತಗದು "ನಿದ್ದೆ ಆಗದ್ದು ತಿಳಿದು ಬೇಸರವಾಯಿತು" ಅಂತ ಹಾಕ್ರಿ. ತಪ್ಪೂ ಒಪ್ಪಲಿಲ್ಲ, ಡೌಟೂ ಪಡಲಿಲ್ಲ.

ಒಂದ್ ಮಾತು ಇಲ್ಲೇ ಹೇಳಿಬಿಡ್ತೀನಿ. ಖರೇನೆ ನಿಮ್ದ ತಪ್ಪಿದ್ರ, ನಿಮ್ಮ ಟೆರೇಸಿನ್ಯಾಗ ನಿಮ್ಮ ದೋಸ್ತರ ಪಾರ್ಟಿ 1 ಗಂಟೆತನಕ ನಡದಿದ್ರ, ಈ ನಾಜೂಕ ಎಲ್ಲ ಬಿಟ್ಟು "ಹೌದು, ಅದು ನಮ್ಮಿಂದಲೇ ಆಯಿತು, ಕ್ಷಮಿಸಿ" ಅಂತ ಬರೀರಿ. ಅಂಥಾ ಕಡಿ "ಸಪ್ಪಳ ಕೇಳಿಸಿದೆ" ಅಂದ್ರ ಓದವರು ನಗ್ತಾರ.

ಈಗ ಬರಿಯೂದು, ಒಂದೊಂದ ಸಾಲು

ಯಾರಿಗ ಬರಿಯಾಕತ್ತೀರಿ ಅನ್ನೂದು ತಲಿದಾಗ ಇರ್ಲಿ. ಬರದ ಗೆಸ್ಟ್ ಹೋಗ್ಯಾರ, ಅವರ ರಾತ್ರಿ ವಾಪಸ್ ಬರಂಗಿಲ್ಲ. ಈಗ ಓದಾವ ಹೈದರಾಬಾದಿನಿಂದ ಟ್ರೇನಿನ್ಯಾಗ ಬರ್ಲಾಕತ್ತಾನ, ಇಲ್ಲಾ ಸೋಲಾಪುರದಿಂದ ದರ್ಗಾಕ್ಕ ಬರೂ ಕುಟುಂಬ, ಅವರ ಮನಸಿನ್ಯಾಗ ಇರೂದು ಒಂದ ಪ್ರಶ್ನಿ, ನಮಗ ಅಲ್ಲಿ ನಿದ್ದಿ ಬರ್ತದೋ ಇಲ್ಲೋ.

ಮದಲನೇ ಸಾಲು, ಅವರು ಹೇಳಿದ್ದನ್ನ ಅವರ ಮಾತಿನ್ಯಾಗೇ ಹಿಡೀರಿ. "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಶುರು ಮಾಡಿದ್ರ ಕಾಪಿ ಪೇಸ್ಟ್ ಅಂತ ಗೊತ್ತಾಗ್ತದ. ಅವರಿಗ ಯಾವುದು ಹೆಚ್ಚ ನೋವ್ ಆಗ್ಯದ ಅದನ್ನ ತಗೋರಿ, ಇಲ್ಲಿ ಮಗಳ ಪರೀಕ್ಷಿ. ಅವರ ಬರದಾರ ಅಂದ ಮ್ಯಾಲ ಅದನ್ನ ಹೇಳಬಹುದು. ಅವರು ಬರೀದಿದ್ದ ಯಾವ್ದೂ ನೀವು ಬರೀಬ್ಯಾಡ್ರಿ, ರೂಮ್ ನಂಬರ್, ಎಷ್ಟ ಮಂದಿ ಇದ್ರು, ಯಾವ ಊರವರು, ಎಷ್ಟ ಕಡಿಮಿ ರೇಟಿಗಿ ಚೌಕಾಸಿ ಮಾಡಿದ್ರು, ಯಾವ್ದೂ. ರಜಿಸ್ಟರಿನ ಮಾತು ರಜಿಸ್ಟರಿನ್ಯಾಗ ಇರ್ಲಿ.

ಎರಡನೇ ಸಾಲು, ಸಪ್ಪಳ ಎಲ್ಲಿಂದ ಅಂತ ಸುಮ್ಮ ಹೇಳೂದು, ಯಾರನ್ನೂ ಬಯ್ಯದಂಗ. ಫಂಕ್ಷನ್ ಹಾಲಿನ ಹೆಸರ ಹಾಕಬ್ಯಾಡ್ರಿ, ಅವರೂ ಇದೇ ಊರಾಗ ಇರವರು, ಅವರ ಬೀಗರ ನಾಳಿ ನಿಮ್ಮಲ್ಲೇ ಇಳಕೋತಾರ. "ನಮ್ಮ ಕೈಯಲ್ಲಿ ಇಲ್ಲ" ಅನ್ನೂದೂ ಬ್ಯಾಡ, "ರಸ್ತೆಯಲ್ಲಿ ಮೆರವಣಿಗೆ" ಅಂದ್ರ ಅಷ್ಟ ಸಾಕು, ಮೆರವಣಿಗಿ ಲಾಡ್ಜಿನವರ್ದಲ್ಲ ಅಂತ ಎಲ್ಲರಿಗೂ ತಿಳೀತದ. ಕಾಯ್ದೆ ಹೇಳಾಕಂತೂ ಹೋಗ್ಲೇಬ್ಯಾಡ್ರಿ. 2000ನೇ ಇಸ್ವಿ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಮುಂಜಾನಿ 6ತನಕ ಬಯಲಿನ್ಯಾಗ ಲೌಡ್‌ಸ್ಪೀಕರ್ ಹಚ್ಚಂಗಿಲ್ಲ, ಖರೇ, ಆದ್ರ ಉತ್ತರದಾಗ ಬರದ್ರಿ ಅಂದ್ರ ಓದವ ಕೇಳೂದು, ಹಂಗಾದ್ರ ನೀವು ಪೊಲೀಸಿಗಿ ಯಾಕ ಫೋನ್ ಮಾಡ್ಲಿಲ್ಲ? ಆ ರಾತ್ರಿ 112ಕ್ಕ ಮಾಡಿ ಟೈಮ್ ಬರದಿಟ್ಟಿದ್ರ ಆ ಮಾತ ಬ್ಯಾರೆ, "ನಾವು ಪೊಲೀಸರಿಗೆ ತಿಳಿಸಿದೆವು" ಅಂತ ಒಂದ್ ಸಾಲು ಬರಿಯಾಕ ಬರ್ತದ. ನಾವು ಮಾಡಿರ್ಲಿಲ್ಲ. ಮಾಡಿರ್ಲಿಲ್ಲ ಅಂದ್ರ ಬರಿಯಂಗಿಲ್ಲ, ಮುಗೀತು.

ಮೂರನೇದು, ಹುಡ್ಗನ ಮಾತು. "ನಮ್ಮ ಸಿಬ್ಬಂದಿ ಸ್ಪಂದಿಸಿದ್ದಾರೆ" ಅಂದ್ರ ಗೆಸ್ಟ್ ಸುಳ್ಳಾಡ್ಯಾರ ಅಂದಂಗ. "ಅವನನ್ನು ಕೆಲಸದಿಂದ ತೆಗೆದಿದ್ದೇವೆ" ಅಂದ್ರ ತಪ್ಪೊಪ್ಪಿಗಿನೂ ಆಯ್ತು, ಹುಡ್ಗನ ಮಾನನೂ ಹೋಯ್ತು. ನಡುವ ಒಂದ ದಾರಿ ಅದ, ಅವರಿಗ ಏನ್ ಬೇಕಿತ್ತು ಅದು ಸಿಗ್ಲಿಲ್ಲ ಅಂತ ಹೇಳೂದು. "ನೀವು ಹೇಳಿದಾಗ ಸಿಕ್ಕ ಉತ್ತರ ನಿಮಗೆ ಸಮಾಧಾನ ಕೊಟ್ಟಿಲ್ಲ." ಅಷ್ಟ.

ನಾಕನೇದು, ನೀವು ಈಗಾಗ್ಲೇ ಮಾಡಿದ ಒಂದ ಕೆಲಸ. ಮಾಡ್ತೀವಿ ಅನ್ನೂದಲ್ಲ. "ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಅನ್ನೂದು ಎಲ್ಲಾರೂ ಬರಿಯೂ ಸಾಲು, ಅದ್ರಾಗ ಎರಡ ಹೊಡತ ಅವ: ಹಿಂದ ನೋಡ್ಕೊಂಡಿಲ್ಲ ಅಂತ ಒಪ್ಪಿದಂಗ, ಮತ್ತ ಮುಂದಿನ ಶುಕ್ರವಾರ ಇನ್ನೊಂದು ಬಾರಾತ್ ಬಂದ್ರ ನಿಮ್ಮ ಮಾತು ಸುಳ್ಳ. ನಾ ಉತ್ತರ ಬರಿಯೂಕಿಂತ ಮುಂಚೆ ಆ ಎರಡ ದಿನದಾಗ ಡೆಸ್ಕಿನ ಮ್ಯಾಲ ಒಂದು ನೋಟ್‌ಬುಕ್ ಇಟ್ಟೆ, ರಾತ್ರಿ ಯಾರ್ ಫೋನ್ ಮಾಡಿದ್ರೂ ಟೈಮ್ ಬರದು, ಹುಡ್ಗ ಮ್ಯಾಲ ಹೋಗಿ, ಹಿಂದಿನ ಸೈಡ್ ರೂಮ್ ಖಾಲಿ ಇದ್ರ ಬದಲಿ ಮಾಡ್ಲೇನ್ರಿ ಅಂತ ಕೇಳ್ಬೇಕು ಅಂತ ಹೇಳ್ದೆ. ಆಮ್ಯಾಲ ಅದನ್ನ ಬರದೆ.

ಕೊನಿಗಿ ಮಾತಾಡಾಕ ಒಂದು ದಾರಿ. ರೊಕ್ಕ ವಾಪಸ್ ಕೊಡ್ತೀವಿ ಅಂತ ಪಬ್ಲಿಕ್ ಆಗಿ ಬರೀಬ್ಯಾಡ್ರಿ. ಕೊಡೂದಿದ್ರ ಫೋನಿನ್ಯಾಗ ಮಾತಾಡಿ ಕೊಡ್ರಿ, ಆದ್ರ ಅಲ್ಲೂ "ರಿವ್ಯೂ ತಗೀರಿ, ಡಿಸ್ಕೌಂಟ್ ಕೊಡ್ತೀನಿ" ಅಂತ ಅನ್ನಂಗಿಲ್ಲ, ರಿವ್ಯೂ ಬದಲಿಸಾಕ ಇಲ್ಲಾ ತಗಸಾಕ ಆಮಿಷ ಕೊಡೂದು ಗೂಗಲ್ ರೂಲಿಗಿ ವಿರುದ್ಧ ಅದ.

ಕೂಡಿಸಿ ಬರದ್ರ ನಂದು ಹಿಂಗಾಯ್ತು:

"ನಮಸ್ಕಾರ. ಪರೀಕ್ಷೆಯ ಹಿಂದಿನ ರಾತ್ರಿ ನಿಮ್ಮ ಮಗಳಿಗೆ ನಿದ್ದೆ ಆಗದ್ದು ತಿಳಿದು ನಿಜಕ್ಕೂ ಬೇಸರವಾಯಿತು. ಆ ರಾತ್ರಿ ಮುಂದಿನ ರಸ್ತೆಯಲ್ಲಿ ಮದುವೆ ಮೆರವಣಿಗೆ ಇತ್ತು, ನಂತರ ಕರೆಂಟ್ ಹೋಗಿ ಜನರೇಟರ್ ನಡೆದಿದೆ. ರಸ್ತೆ ಕಡೆಯ ರೂಮುಗಳಿಗೆ ಇದರ ಸಪ್ಪಳ ಕೇಳಿಸುತ್ತದೆ. ನೀವು ರಿಸೆಪ್ಷನ್‌ಗೆ ಹೇಳಿದಾಗ ಸಿಕ್ಕ ಉತ್ತರ ನಿಮಗೆ ಸಮಾಧಾನ ಕೊಟ್ಟಿಲ್ಲ ಅನ್ನುವುದನ್ನು ಗಮನಿಸಿದ್ದೇವೆ. ಈಗ ರಾತ್ರಿ ಬಂದ ಪ್ರತಿ ಕರೆಯನ್ನು ಬರೆದುಕೊಂಡು, ಹಿಂಬದಿಯ ರೂಮ್ ಖಾಲಿ ಇದ್ದಲ್ಲಿ ಬದಲಿಸಿ ಕೊಡುತ್ತಿದ್ದೇವೆ. ಬೆಳಿಗ್ಗೆ ಬೇಗ ಏಳಬೇಕಾದವರು ಬುಕಿಂಗ್ ಸಮಯದಲ್ಲೇ ಹಿಂಬದಿಯ ರೂಮ್ ಕೇಳಬಹುದು. ನಿಮ್ಮ ಜೊತೆ ಮಾತಾಡಲು ಇಷ್ಟಪಡುತ್ತೇವೆ, ಲಾಡ್ಜಿನ ನಂಬರಿಗೆ ಕರೆ ಮಾಡಿ ಮ್ಯಾನೇಜರನ್ನು ಕೇಳಿ."

ಇದ್ರಾಗ "ದುಡ್ಡು ವೇಸ್ಟ್" ಅನ್ನೂದಕ್ಕ ಉತ್ತರನ ಇಲ್ಲ ನೋಡ್ರಿ. ಅದು ಅವರ ಅಭಿಪ್ರಾಯ, ವಾದ ಮಾಡೂ ಮಾತಲ್ಲ. "ರೂಮ್ ಕ್ಲೀನ್ ಇತ್ತು" ಅಂದಿದ್ದಕ್ಕೂ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬಹುದಿತ್ತು, ಆದ್ರ ಸಿಟ್ಟಿನ್ಯಾಗ ಇದ್ದವರ ಒಂದ ಒಳ್ಳೆ ಮಾತು ಹಿಡಕೊಂಡು ಹಿಗ್ಗಿದ್ರ ಉಳದದ್ದು ಕೇಳಿಸಕೊಂಡೇ ಇಲ್ಲ ಅನ್ನಂಗ ಆಗ್ತದ ಅಂತ ನನ್ನ ಲೆಕ್ಕ.

ಹಾಕೂಕಿಂತ ಮುಂಚೆ

ಬರದಿದ್ದನ್ನ ಜೋರ್ ಓದ್ರಿ. ಎಲ್ಲೆರೆ ದನಿ ತಾನ ಏರಿದ್ರ ಅಲ್ಲಿ ಸಿಟ್ಟು ಉಳದದ ಅಂತ ಅರ್ಥ. ನಂದ್ರಾಗ ಮದಲು "ಮದುವೆ ಸೀಸನ್ ಅಂದಮೇಲೆ ಇದು ಸಹಜ" ಅಂತ ಒಂದ್ ಸಾಲು ಇತ್ತು, ಓದುವಾಗ "ಸಹಜ" ಅನ್ನೂ ಕಡಿ ದನಿ ಏರ್ತು, ತಗದೆ. ಆಮ್ಯಾಲ ಆ ರಾತ್ರಿ ಅಲ್ಲಿ ಇರದವರಿಗ ಯಾರಿಗೆರೆ ತೋರ್ಸ್ರಿ. ನಾ ನಮ್ಮ ಮನಿಯವರಿಗ ತೋರ್ಸ್ದೆ, "ಕಿಟಕಿ ಬಂದ್ ಮಾಡಾಕ ಬರ್ತಿತ್ತಲ್ಲ ಅಂತ ಯಾರರೆ ಕೇಳಿದ್ರ?" ಅಂದ್ರು. ಅದಕ್ಕ ಕೂಲರ್ ಕಥಿ ಉತ್ತರದಾಗ ಹಾಕಲಿಲ್ಲ, ಹಾಕಿದ್ರ ಪ್ರಶ್ನಿ ಹೆಚ್ಚಾಗ್ತಿತ್ತು.

ಭಾಷಿದು ಒಂದು ಮಾತು. ಗೆಸ್ಟ್ ಯಾವ ಭಾಷಿದಾಗ ಬರದಾರ ಅದರಾಗೇ ಉತ್ತರ ಕೊಡ್ರಿ, ಹಿಂದಿ ಇದ್ರ ಹಿಂದಿ, ತೆಲುಗು ಇದ್ರ ಬಲ್ಲವರ ಕಡಿಂದ ಬರಸ್ರಿ. ಗೂಗಲ್ ಅನುವಾದ ಮಾಡಿ ತೋರಸ್ತದ, ಅದಕ್ಕ ನಮ್ಮ ಕಲಬುರಗಿ ಮಾತು, ಚ್ಯಾಷ್ಟಿ, ಗಾದಿ ಎಲ್ಲ ಅಲ್ಲಿ ಕೆಟ್ಟ ಹೋಗ್ತಾವ. ನಾ ಈಗ ನಿಮ್ ಕೂಡ ಮಾತಾಡೂ ಹಂಗ ಅಲ್ಲಿ ಬರದಿದ್ರ ಹೈದರಾಬಾದಿನವರಿಗ ಏನ್ ಕಾಣ್ತಿತ್ತೋ ದೇವರಿಗ ಗೊತ್ತು. ಸಣ್ಣ ಸಣ್ಣ ಸಾಲು, ಪುಸ್ತಕದ ಕನ್ನಡ.

ಲಾಡ್ಜಿನ ಅಕೌಂಟಿಂದ ರಿವ್ಯೂ ಕೆಳಗಿನ `Reply` ಒತ್ತಿ ಹಾಕ್ರಿ. ಕೆಲವು ಸಲ ಕೂಡ್ಲೆ ಕಾಣಂಗಿಲ್ಲ, ಗೂಗಲ್ ಅದನ್ನ ನೋಡಿ ಬಿಡ್ತದ, ಹೋಗಿಲ್ಲ ಅಂತ ತಿಳದು ಎರಡ ಸಲ ಹಾಕಬ್ಯಾಡ್ರಿ. ಹಾಕಿದ್ ಮ್ಯಾಲ ಗೆಸ್ಟಿಗಿ ತಿಳಸ್ತದ, ಅದಕ್ಕ ರಾತ್ರಿ 12ಕ್ಕ ಹಾಕಿ ಅವರ ಇನ್ನೊಂದ ನಿದ್ದಿ ಕೆಡಿಸಬ್ಯಾಡ್ರಿ. ನಂತರ ಎಡಿಟ್ ಮಾಡಾಕ ಬರ್ತದ, ಅವರಿಗೂ ತಮ್ಮ ರಿವ್ಯೂ ಎಡಿಟ್ ಮಾಡಾಕ ಬರ್ತದ. ರಿಪೋರ್ಟ್ ಮಾಡಿ ತಗಸ್ತೀನಿ ಅನ್ನವರಿಗ ಒಂದ್ ಮಾತು, ಬೈಗುಳ ಇದ್ರ ಇಲ್ಲಾ ಬಂದೇ ಇಲ್ಲದವರು ಬರದಿದ್ರ ರಿಪೋರ್ಟ್ ಮಾಡ್ರಿ, ನಮಗ ಸರಿ ಅನಸ್ಲಿಲ್ಲ ಅಂತ ಗೂಗಲ್ ತಗಿಯಂಗಿಲ್ಲ.

ಅವರು ಮತ್ತ ಬರದ್ರ

ಕೆಲವರು ನಿಮ್ಮ ಉತ್ತರ ಓದಿ ರಿವ್ಯೂ ಎಡಿಟ್ ಮಾಡಿ "ಓನರ್ ನೆಪ ಹೇಳ್ತಾನೆ" ಅಂತ ಸೇರಿಸ್ತಾರ. ಅಲ್ಲಿ ನಿಲ್ರಿ. ಹೊಸ ಮಾತು ಇದ್ರ, ಉದಾಹರಣಿಗಿ ಆ ರಾತ್ರಿ ವಿಡಿಯೋ ಹಾಕಿದ್ರ, ಅದನ್ನ ನೋಡಿ ನಿಮ್ಮ ಉತ್ತರದಾಗ ಟೈಮ್ ಏನರೆ ತಪ್ಪಿದ್ರ ತಿದ್ರಿ. ಹೊಸದು ಇಲ್ಲಂದ್ರ ಕೊನೀ ಮಾತು ಅವರದ್ದ ಇರ್ಲಿ ಬಿಡ್ರಿ.

ಅದೇ ಸೀಸನ್‌ದಾಗ ಇನ್ನೊಬ್ಬರು ಅದೇ ದೂರು ಹಾಕಿದ್ರ ಮದಲಿನ ಉತ್ತರ ಕಾಪಿ ಮಾಡಬ್ಯಾಡ್ರಿ. ಎರಡೂ ಒಂದರ ಕೆಳಗ ಒಂದು ಕಾಣ್ತಾವ, ಅವಾಗ "ಬರೆದುಕೊಂಡು ಬದಲಿಸಿ ಕೊಡುತ್ತಿದ್ದೇವೆ" ಅನ್ನೂದು ಸುಳ್ಳ ಕಾಣ್ತದ. ಮದಲು ನೋಟ್‌ಬುಕ್ ತಗದು ಆ ರಾತ್ರಿ ಹುಡ್ಗ ಏನ್ ಬರದಾನ ನೋಡ್ರಿ. ಮೂರ ಮಂದಿ ಒಂದ ರೂಮಿನ ಬಗ್ಗೆ ಬರದಾರ ಅಂದ್ರ ಅದು ಉತ್ತರ ಬರಿಯೂ ಕೆಲಸ ಅಲ್ಲ, ಆ ಕಿಟಕಿ ಕೆಲಸ. ನಾವು ಈ ಸಲ ರೋಡ್ ಸೈಡಿನ ಎರಡ ರೂಮಿನ ಕೂಲರ್ ತಗದು ಹಿಂದಿನ ಪ್ಯಾಸೇಜ್ ಕಡಿ ಕೂಡಿಸಿವಿ, ಪೂರ್ತಿ ಶಾಂತ ಆಗಿಲ್ಲ, ಕಮ್ಮಿ ಆಗ್ಯದ.

ಆ ಗೆಸ್ಟ್ ಫೋನ್ ಮಾಡ್ಲಿಲ್ಲ, ಎರಡ ಸ್ಟಾರ್ ಈಗೂ ಹಂಗ ಅದ. ಹೋದ ತಿಂಗಳು ಸೋಲಾಪುರದಿಂದ ಒಬ್ಬರು ಫೋನ್ ಮಾಡಿದ್ರು, ರೇಟ್ ಕೇಳ್ಲಿಲ್ಲ, ಎಸಿ ಕೇಳ್ಲಿಲ್ಲ, "ಗೂಗಲ್‌ದಾಗ ಬರದೀರಲ್ರಿ, ಆ ಹಿಂದಿನ ಸೈಡ್ ರೂಮ್, ಅದು ಒಂದು ಇಡ್ರಿ ನಮಗ" ಅಂದ್ರು.